ಕಿರೀಟವಿಲ್ಲದ ಕಿರೀಟಿ

ಮಕ್ಕಳಿಗಾಗಿ ಅಚ್ಚಾದ ಯಾವುದಾದರೊಂದು ಸಚಿತ್ರ ಭಾರತವನ್ನು ತೆರೆದು, ಚಿತ್ರದ ಜೊತೆಗಿನ ಬರಹವನ್ನು ಅಂಗೈಯಿಂದ ಮುಚ್ಚಿ, ‘ಇವರು ಯಾರು?’ ಎಂದು ಮಗುವನ್ನೇ ಕೇಳಿನೋಡಬೇಕು. ಕೃಷ್ಣನನ್ನು ನವಿಲುಗರಿಯಿಂದಲೂ ಮೈಬಣ್ಣದಿಂದಲೂ ಅದು ಕೂಡಲೆ ಗುರುತಿಸುತ್ತದೆ. ಗದೆ ಹಿಡಿದವನು ಭೀಮ, ಬಿಲ್ಲು ಹಿಡಿದವನು ಅರ್ಜುನ. ತೊಡಕು ಆರಂಭವಾಗುವುದು ಅಲ್ಲಿಂದಾಚೆಗೆ. ಕರ್ಣನ ಕೈಯಲ್ಲಿಯೂ ಬಿಲ್ಲಿದೆ. ದುರ್ಯೋಧನನ ಹೆಗಲಮೇಲೆಯೂ ಗದೆಯಿದೆ. ಭೀಷ್ಮ, ದ್ರೋಣ, ಕೃಪ ಮೂವರಿಗೂ ಒಂದೇ ಬಿಳಿಯ ಗಡ್ಡ. ಕಿರೀಟವಂತೂ ಕೇಳುವುದೇ ಬೇಡ, ಎಲ್ಲ ಅರಸುಮಕ್ಕಳಿಗೂ ಒಂದೇ ಅಚ್ಚಿನದು.

ಒಂದೇ ಚಿತ್ರವಾದರೆ ಇದು ದೊಡ್ಡ ದೋಷವಲ್ಲ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ಕ್ಕೆ ಎಂ. ಟಿ. ವಿ. ಆಚಾರ್ಯರು ಬರೆದ ಮಹಾಭಾರತದ ಮುಖಚಿತ್ರಗಳನ್ನು ನೆನೆಯಬಹುದು. ಮುಖಚಿತ್ರವೆಂದರೆ ಒಂದು ಸನ್ನಿವೇಶ; ನೋಡುವವನಿಗೆ ಬಿಡುವುಂಟು. ಆದರೆ 1967ರಲ್ಲಿ ಆರಂಭವಾದ ‘ಅಮರ ಚಿತ್ರಕಥೆ’ ಮುಂದೆ ಭಾರತವನ್ನು 42 ಪುಸ್ತಕಗಳಲ್ಲಿ ಹೇಳಿತು. ಇಂಥ ಕಡೆ ಅದೇ ಪಾತ್ರ ಪುಟಕ್ಕೆ ನಾಲ್ಕಾರು ಸಲ ಬರುತ್ತದೆ. ಪ್ರತಿಸಲವೂ ಕಣ್ಣಿಗೆ ತಟ್ಟನೆ ಗುರುತು ಸಿಗಬೇಕು. ಈ ಅವಸರದಲ್ಲಿಯೇ ಚಿತ್ರಕಾರರು ಸಾಮಾನ್ಯವಾಗಿ ಕಿರೀಟಕ್ಕೆ ಶರಣಾಗುವುದು. ಅದು ‘ಇವನು ರಾಜ’ ಎಂದು ಹೇಳುತ್ತದೆಯೇ ಹೊರತು ‘ಇವನು ಇಂಥವನು’ ಎಂದು ಹೇಳಲಾರದು.

ಆಯುಧ ಇದಕ್ಕಿಂತ ಮೇಲು, ಆದರೂ ಸಾಲದು. ಕೊನೆಯ ಗದಾಯುದ್ಧದ ಚಿತ್ರವನ್ನೇ ನೋಡಿರಿ. ಎರಡು ಗದೆ, ಎರಡು ಕಿರೀಟ, ಎರಡು ದಪ್ಪ ಮೈಗಳು. ಅಲ್ಲಿ ಬಿಡಿಸಿ ಹೇಳುವವರು ಬದಿಯಲ್ಲಿ ನಿಂತವರು. ತೊಡೆ ತಟ್ಟಿ ತೋರಿಸುವ ಅರ್ಜುನ ಯಾರತ್ತ ನೋಡುತ್ತಾನೋ ಅವನೇ ಭೀಮ. ಜೊತೆಯವರನ್ನು ಬಿಟ್ಟು ಹೋರಾಡುವ ಇಬ್ಬರನ್ನೇ ದೊಡ್ಡದಾಗಿ ಬರೆದ ಚಿತ್ರದಲ್ಲಿ ಮಗು ತಬ್ಬಿಬ್ಬಾದರೆ ತಪ್ಪು ಮಗುವಿನದಲ್ಲ.

ಈ ಪ್ರಶ್ನೆಗೆ ಉತ್ತರ ಭಾರತದಲ್ಲಿಯೇ ಇದೆ, ಅದೂ ವಿರಾಟಪರ್ವದಲ್ಲಿ. ಪಾಂಡವರ ಕಿರೀಟ ಹೋಗಿ ಬಹುಕಾಲವಾಗಿದೆ. ಆಯುಧಗಳು ಬನ್ನಿಯ ಮರವೇರಿವೆ. ಇನ್ನು ಉಳಿದುದು ಜೊತೆಗಾರರು ಮಾತ್ರ. ಕಂಕನಿಗೆ ಪಗಡೆ, ವಲಲನಿಗೆ ಅಡುಗೆಮನೆ, ಬೃಹನ್ನಳೆಗೆ ನಾಟ್ಯ ಕಲಿಯುವ ಹುಡುಗಿಯರು. ನಕುಲ ಕುದುರೆಗಳ ನಡುವೆ, ಸಹದೇವ ಹಸುಗಳ ನಡುವೆ. ಉಳಿದ ಪರ್ವಗಳ ಚಿತ್ರಗಳಲ್ಲಿ ಯಾರು ಯಾರೆಂದು ತಿಳಿಯದ ಈ ಅವಳಿಗಳು ತಲೆಮರೆಸಿಕೊಂಡಾಗಲೇ ಬೇರೆಬೇರೆಯಾಗಿ ಕಾಣಿಸುವುದು ಒಂದು ತಮಾಷೆ!

ಉತ್ತರನ ಪ್ರಸಂಗ ಇನ್ನೂ ಸೊಗಸು. ಹೆದರಿ ಓಡುವ ರಾಜಕುಮಾರನ ಹಿಂದೆ ಜಡೆ ಹಾರಾಡಿಸುತ್ತ ಓಡುವ ಬೃಹನ್ನಳೆಯನ್ನು ಕಂಡು ಕೌರವ ಸೈನಿಕರು ನಗುತ್ತಾರೆ. ನಕ್ಕವರಿಗೇ ಸಂದೇಹವೂ ಹುಟ್ಟುತ್ತದೆ: ತಲೆ, ಕೊರಳು, ತೋಳು ಅರ್ಜುನನವೇ ಅಲ್ಲವೆ? ವೇಷ ಬದಲಾದರೂ ಮೈಕಟ್ಟು ಬದಲಾಗಿಲ್ಲ. ಚಿತ್ರಕಾರನು ಮೊದಲಿನಿಂದ ಅರ್ಜುನನಿಗೆ ಅವನದೇ ಆದ ಮೈಕಟ್ಟು ಕೊಟ್ಟಿದ್ದರೆ ಮಾತ್ರ ಈ ಸಂದೇಹ ಚಿತ್ರದಲ್ಲಿ ಮೂಡೀತು.

ಆಮೇಲೆ ಬನ್ನಿಯ ಮರದ ಬಳಿ ಸಾರಥಿ ರಥಿಕನಾಗುತ್ತಾನೆ, ರಥಿಕ ಸಾರಥಿಯಾಗುತ್ತಾನೆ. ತನ್ನ ಹತ್ತು ಹೆಸರುಗಳನ್ನು ಹೇಳುವಾಗ ಅರ್ಜುನನು ‘ಕಿರೀಟಿ’ ಎಂಬುದನ್ನೂ ಸೇರಿಸುತ್ತಾನೆ. ಆದರೆ ವ್ಯಾಸಭಾರತದಲ್ಲಿ ಆ ಗಳಿಗೆ ಅವನು ತಲೆಗೆ ಕಟ್ಟಿದ್ದು ಒಂದು ಬಿಳಿಯ ಬಟ್ಟೆ. ಬಳೆಗಳನ್ನು ತೆಗೆದು, ಗುಂಗುರುಗೂದಲನ್ನು ಅದರಿಂದ ಬಿಗಿದು, ಉತ್ತರನ ಸಿಂಹಧ್ವಜವನ್ನಿಳಿಸಿ ಕಪಿಧ್ವಜವನ್ನೇರಿಸುತ್ತಾನೆ. ಚಿತ್ರಕಾರನಿಗೆ ಇದಕ್ಕಿಂತ ಏನು ಬೇಕು? ಇಲ್ಲಿ ಅವನ ತಲೆಗೆ ಥಳಥಳಿಸುವ ಕಿರೀಟ ಏರಿಸಿದರೆ, ಹಿಂದಿನ ಪುಟದ ಬೃಹನ್ನಳೆ ಎಲ್ಲಿ ಹೋದಳೆಂದು ಮಗು ಕೇಳಿಯೇ ಕೇಳುತ್ತದೆ. ಬಿಳಿಯ ಬಟ್ಟೆ ಎರಡು ರೂಪಗಳನ್ನೂ ಸೇರಿಸುವ ಕೊಂಡಿ.

ಮುಂದೆ ಅರ್ಜುನ ಮಾಡುವುದು ನಾವು ಮಗುವಿಗೆ ಮಾಡಬೇಕಾದ ಪಾಠವನ್ನೇ. ಎದುರಿನ ವೀರರನ್ನು ಕಾಣದ ಹುಡುಗನಿಗೆ ಅವರ ಗುರುತು ಹೇಳುತ್ತಾನೆ. ಒಬ್ಬರ ಕಿರೀಟವನ್ನೂ ಹೆಸರಿಸುವುದಿಲ್ಲ. ಕೆಂಪು ಕುದುರೆ, ಧ್ವಜದಲ್ಲಿ ಚಿನ್ನದ ಕಮಂಡಲು: ಅವರು ದ್ರೋಣ. ಧ್ವಜದಲ್ಲಿ ಬಿಲ್ಲು: ಅಶ್ವತ್ಥಾಮ. ಆನೆಯ ಗುರುತಿನವನು ದುರ್ಯೋಧನ. ನೀಲಿಯ ಬಾವುಟದಲ್ಲಿ ತಾರೆಗಳಿರುವವರು ಭೀಷ್ಮ. ಬಿಳಿಯ ಗಡ್ಡಗಳ ಗೊಂದಲ ಇಲ್ಲಿ ಒಮ್ಮೆಗೇ ತೀರಿತು. ಕುಮಾರವ್ಯಾಸನೂ ಈ ಸಂದರ್ಭವನ್ನು ಬಿಟ್ಟಿಲ್ಲ. ಬಿಟ್ಟವರು ನಮ್ಮ ಮಕ್ಕಳ ಪುಸ್ತಕದವರು. ಅನೇಕರ ಚಿತ್ರಗಳಲ್ಲಿ ಧ್ವಜವೆಂದರೆ ಮುಮ್ಮೂಲೆಯ ಬರಿಯ ಬಟ್ಟೆ.

ತೊಂದರೆಗಳಿಲ್ಲವೆಂದಲ್ಲ. ಮೂಲದಲ್ಲಿಯೇ ಧ್ವಜಗಳು ಒಂದೊಂದು ಕಡೆ ಒಂದೊಂದಾಗಿವೆ. ಇಲ್ಲಿ ತಾರೆಗಳಿರುವ ಭೀಷ್ಮನಿಗೆ ಬೇರೆಡೆ ತಾಳೆಮರವುಂಟು. ಚಿತ್ರಕಾರನು ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಹಿಡಿಯಬೇಕು. ಕಪ್ಪು ಬಿಳುಪಿನ ಅಚ್ಚಿನಲ್ಲಿ ದ್ರೋಣರ ಕುದುರೆಯ ಕೆಂಪು ಉಳಿಯುವುದಿಲ್ಲ, ಭೀಷ್ಮನ ಬಾವುಟದ ನೀಲಿಯೂ ಉಳಿಯುವುದಿಲ್ಲ. ಕಮಂಡಲುವೂ ತಾರೆಯೂ ಉಳಿಯುತ್ತವೆ. ಹೆಬ್ಬೆರಳಿನಷ್ಟು ಜಾಗದಲ್ಲಿ ನಾಲ್ಕು ಗೆರೆಗಳಿಂದ ಅವನ್ನು ಬರೆಯಬಹುದು.