ಹೋಲುವ ಉತ್ತರಗಳು, ಹೋಲದ ಫಲಗಳು

ಸಿವಿಲ್ ನ್ಯಾಯಾಧೀಶರ ಹುದ್ದೆಗಾಗಿ ನಡೆಯುವ ಪೂರ್ವಭಾವಿ ಪರೀಕ್ಷೆಗೆ ಕುಳಿತವರು ಬಹುಮಟ್ಟಿಗೆ ಒಂದೇ ದೂರನ್ನು ಹೇಳುವರು: ದಸ್ತಗಿರಿ, ಜಾಮೀನು, ನಿರೀಕ್ಷಣಾ ಜಾಮೀನು ಎಂಬ ಮೂರು ವಿಷಯಗಳಲ್ಲಿ ಪ್ರಶ್ನೆ ಸುಲಭ, ಉತ್ತರಗಳೇ ಕಠಿಣ, ಏಕೆಂದರೆ ಕೆಳಗೆ ಕೊಟ್ಟ ನಾಲ್ಕು ಉತ್ತರಗಳೂ ಒಂದೇ ವಾಕ್ಯವನ್ನು ನಾಲ್ಕು ಸಾರಿ ಬರೆದಂತೆ ತೋರುವುವು. ಇದು ವಿದ್ಯೆಯ ಪರೀಕ್ಷೆಯಲ್ಲ, ಕಣ್ಣಿನ ಪರೀಕ್ಷೆಯೆಂದು ಸೋತವರು ಆಕ್ಷೇಪಿಸುವರು. ಕಾನೂನು ಇರುವುದೇ ಪದಗಳಲ್ಲಿ, ಆದುದರಿಂದ ಪದವನ್ನು ಗಮನಿಸಲಾರದವನು ಪೀಠದ ಮೇಲೆ ಕೂರಲು ಅರ್ಹನಲ್ಲವೆಂದು ಪ್ರಶ್ನೆ ರಚಿಸಿದವರು ಸಮರ್ಥಿಸಿಕೊಳ್ಳುವರು. ಎರಡು ಪಕ್ಷಗಳಲ್ಲಿಯೂ ಸತ್ಯದ ಒಂದೊಂದು ಅಂಶವುಂಟು. ಇವುಗಳ ನಡುವೆ ನಿರ್ಣಯ ಮಾಡಲು ನನಗೆ ತೋರುವ ನಿಕಷ ಒಂದೇ: ಎರಡು ಉತ್ತರಗಳ ನಡುವಣ ಅಂತರದಿಂದ ಯಾವನಾದರೊಬ್ಬ ಮನುಷ್ಯನ ಸ್ಥಿತಿ ಬದಲಾಗುವುದೇ? ಬದಲಾಗುವುದಾದರೆ ಆ ಪ್ರಶ್ನೆ ಎಷ್ಟು ಸೂಕ್ಷ್ಮವಾಗಿದ್ದರೂ ನ್ಯಾಯವಾದುದು. ಬದಲಾಗದಿದ್ದರೆ ಅದು ಸ್ಮರಣಶಕ್ತಿಯ ಪ್ರದರ್ಶನವಲ್ಲದೆ ಮತ್ತೇನೂ ಅಲ್ಲ.

ಮೊದಲು ಈ ನಿಕಷದಲ್ಲಿ ಗೆಲ್ಲುವ ಪ್ರಶ್ನೆಯೊಂದನ್ನು ನೋಡೋಣ. ನಿರೀಕ್ಷಣಾ ಜಾಮೀನಿಗಾಗಿ ಉಚ್ಚ ನ್ಯಾಯಾಲಯಕ್ಕೆ ಅಥವಾ ಸೆಷನ್ಸ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಲ್ಲವನು ಯಾರು, ಎಂಬುದು ಪ್ರಶ್ನೆ. ಜಾಮೀನುರಹಿತ ಅಪರಾಧದ ಆರೋಪದ ಮೇಲೆ ದಸ್ತಗಿರಿಯಾದವನು, ಎಂಬುದು ಮೊದಲನೆಯ ಉತ್ತರ. ಜಾಮೀನುರಹಿತ ಅಪರಾಧದ ಆರೋಪದ ಮೇಲೆ ತಾನು ದಸ್ತಗಿರಿಯಾಗಬಹುದೆಂದು ನಂಬಲು ಕಾರಣವುಳ್ಳವನು, ಎಂಬುದು ಎರಡನೆಯದು. ಸಂಜ್ಞೇಯ ಅಪರಾಧದ ಆರೋಪದ ಮೇಲೆ ದಸ್ತಗಿರಿಯಾಗಬಹುದೆಂದು ನಂಬಲು ಕಾರಣವುಳ್ಳವನು, ಎಂಬುದು ಮೂರನೆಯದು. ಜಾಮೀನುರಹಿತ ಅಪರಾಧಕ್ಕಾಗಿ ತನ್ನ ಮೇಲೆ ಪ್ರಥಮ ವರ್ತಮಾನ ವರದಿ ದಾಖಲಾಗಬಹುದೆಂದು ನಂಬಲು ಕಾರಣವುಳ್ಳವನು, ಎಂಬುದು ನಾಲ್ಕನೆಯದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 438ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೆಯ ಕಲಮಾಗಿ ಮುಂದುವರಿದಿರುವ ನಿಯಮದ ಪ್ರಕಾರ ಸರಿಯಾದುದು ಎರಡನೆಯದು. ಆದರೆ ಉಳಿದ ಮೂರು ಏಕೆ ತಪ್ಪು ಎಂಬುದರಲ್ಲಿಯೇ ವಿಷಯದ ಸಾರವಿರುವುದು.

ಮೊದಲನೆಯದು ಕಾಲದ ವಿಷಯದಲ್ಲಿ ಎಡವಿದೆ. ಬೆಳಗ್ಗೆ ಅರ್ಜಿ ಸಲ್ಲಿಸಿದವನು ಅದರ ವಿಚಾರಣೆಗೆ ಮೊದಲೇ ಸಂಜೆ ಪೊಲೀಸರ ವಶವಾದನೆಂದರೆ, ಆ ಅರ್ಜಿ ಅಲ್ಲಿಗೆ ನಿಷ್ಫಲ. ಅವನು ಇನ್ನು 480ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆಯೋ, 483ನೆಯದರಡಿ ಮೇಲಣ ನ್ಯಾಯಾಲಯಗಳ ಮುಂದೆಯೋ ಸಾಧಾರಣ ಜಾಮೀನನ್ನು ಬೇಡಬೇಕು. ಗುರುಬಕ್ಷ್ ಸಿಂಗ್ ಸಿಬ್ಬಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು 1980ರಲ್ಲಿಯೇ ಇದನ್ನು ಸ್ಪಷ್ಟಪಡಿಸಿತು. ವರದಿ ದಾಖಲಾಗಿರುವುದು ಅರ್ಜಿಗೆ ಅವಶ್ಯವೂ ಅಲ್ಲ, ಅಡ್ಡಿಯೂ ಅಲ್ಲ. ದಸ್ತಗಿರಿಯಾಗುವುದು ಮಾತ್ರ ಅಡ್ಡಿ.

ಮೂರನೆಯ ಮತ್ತು ನಾಲ್ಕನೆಯ ಉತ್ತರಗಳು ಇನ್ನೂ ನಯವಾಗಿ ಮೋಸಗೊಳಿಸುವುವು. ಸಂಜ್ಞೇಯವೆಂದರೆ ವಾರಂಟಿಲ್ಲದೆ ಪೊಲೀಸರು ಹಿಡಿಯಬಹುದಾದ ಅಪರಾಧ. ಜಾಮೀನುರಹಿತವೆಂದರೆ ಬಿಡುಗಡೆಯು ಹಕ್ಕಾಗಿ ದೊರೆಯದೆ ನ್ಯಾಯಾಲಯದ ವಿವೇಚನೆಗೆ ಒಳಪಟ್ಟ ಅಪರಾಧ. ಘೋರವಾದ ಅಪರಾಧಗಳಲ್ಲಿ ಈ ಎರಡು ಲಕ್ಷಣಗಳೂ ಪ್ರಾಯಶಃ ಒಟ್ಟಿಗೆ ಬರುವುದರಿಂದ ಅವು ಒಂದೇ ಎಂಬ ಭ್ರಮೆ ಹುಟ್ಟುವುದು. ಆದರೆ ಸಾರ್ವಜನಿಕ ರಸ್ತೆಯಲ್ಲಿ ಅಜಾಗರೂಕತೆಯಿಂದ ವಾಹನ ನಡೆಸಿದವನ ಅಪರಾಧವು ಸಂಜ್ಞೇಯವಾಗಿದ್ದೂ ಜಾಮೀನೀಯವಾದುದು. ಅವನಿಗೆ ಠಾಣೆಯಲ್ಲಿಯೇ ಜಾಮೀನು ಹಕ್ಕಾಗಿ ಸಿಗುವುದರಿಂದ ನಿರೀಕ್ಷಣಾ ಜಾಮೀನು ಅವನಿಗಾಗಿ ಇರುವುದಲ್ಲ. ಇದಕ್ಕೆ ವಿಪರೀತವಾಗಿ, ಉಯಿಲೊಂದನ್ನು ಖೋಟಾ ಮಾಡಿದನೆಂಬ ಆರೋಪ ಹೊತ್ತವನನ್ನು ಕಲ್ಪಿಸಿಕೊಳ್ಳಿರಿ. ಹಳೆಯ ದಂಡ ಸಂಹಿತೆಯ 467ನೆಯ ಕಲಮಿಗೂ ಈಗಿನ ನ್ಯಾಯ ಸಂಹಿತೆಯ 338ನೆಯ ಕಲಮಿಗೂ ಒಳಪಡುವ ಈ ಅಪರಾಧಕ್ಕೆ ಜೀವಾವಧಿಯವರೆಗೂ ಶಿಕ್ಷೆಯುಂಟು. ಆದರೂ ಅದು ಅಸಂಜ್ಞೇಯ, ಮತ್ತು ಜಾಮೀನುರಹಿತ. ದಾಯಾದಿಯೊಬ್ಬನು ನೇರವಾಗಿ ಮ್ಯಾಜಿಸ್ಟ್ರೇಟರಲ್ಲಿ ಖಾಸಗಿ ದೂರು ಕೊಟ್ಟು, ಅವರು ಅದನ್ನು ವಿಚಾರಣೆಗೆ ಅಂಗೀಕರಿಸಿ ವಾರಂಟ್ ಹೊರಡಿಸಿದರೆ, ಇಲ್ಲಿ ಸಂಜ್ಞೇಯ ಅಪರಾಧವೂ ಇಲ್ಲ, ಪ್ರಥಮ ವರ್ತಮಾನ ವರದಿಯೂ ಇಲ್ಲ; ದಸ್ತಗಿರಿಯ ಭಯವೊಂದೇ ಇರುವುದು, ಮತ್ತು ಅದು ಸಕಾರಣವಾದ ಭಯ. ಮೂರನೆಯ ಉತ್ತರವನ್ನಾಗಲಿ ನಾಲ್ಕನೆಯದನ್ನಾಗಲಿ ಕಾನೂನೆಂದು ನಂಬಿದ ವಕೀಲನು ಈ ಕಕ್ಷಿದಾರನನ್ನು ನಿನಗೆ ಉಪಾಯವಿಲ್ಲವೆಂದು ಮನೆಗೆ ಕಳುಹಿಸಿಬಿಡುವನು. ನಿಜವಾಗಿ ಅವನಿಗೆ ಉಪಾಯವುಂಟು. ನ್ಯಾಯಾಲಯವು ಪ್ರಕರಣವನ್ನು ಅಂಗೀಕರಿಸಿದ ಮಾತ್ರಕ್ಕೆ ನಿರೀಕ್ಷಣಾ ಜಾಮೀನಿನ ಬಾಗಿಲು ಮುಚ್ಚುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಭರತ್ ಚೌಧರಿ ಪ್ರಕರಣದಲ್ಲಿ ಹೇಳಿದೆ. ಪ್ರತಿಯೊಂದು ತಪ್ಪು ಉತ್ತರವೂ ಒಬ್ಬ ಮನುಷ್ಯನನ್ನು ಒಳಗೆ ತರುವುದು ಇಲ್ಲವೆ ಹೊರಗೆ ತಳ್ಳುವುದು ಎಂಬುದರಿಂದಲೇ ಇದು ಉತ್ತಮ ಪ್ರಶ್ನೆ. ಉತ್ತರಗಳು ಹೋಲುವುದು ಇಲ್ಲಿ ದೋಷವಲ್ಲ, ಗುಣ. ಸರಿಯಾದ ವಾಕ್ಯದಿಂದ ಪ್ರತಿಯೊಂದೂ ಒಂದೇ ಅಂಗದಲ್ಲಿ ಬೇರೆಯಾಗಿರುವುದರಿಂದ, ಯಾವ ಅಂಗ ತಿಳಿಯದೆ ಅಭ್ಯರ್ಥಿ ತಪ್ಪಿದನೆಂಬುದು ಪರೀಕ್ಷಕನಿಗೂ ಗೊತ್ತಾಗುವುದು.

ಎರಡನೆಯ ಉದಾಹರಣೆ ದಿನಗಳ ಎಣಿಕೆಗೆ ಸಂಬಂಧಿಸಿದುದು. ತನಿಖೆ ಅವಧಿಯೊಳಗೆ ಮುಗಿಯದಿದ್ದರೆ, ಆರೋಪದ ಗುಣದೋಷಗಳನ್ನು ನೋಡದೆಯೇ ಆರೋಪಿಗೆ ದೊರೆಯತಕ್ಕ ಜಾಮೀನೊಂದುಂಟು. ಹಳೆಯ 167(2)ನೆಯ ಉಪಕಲಮಿನ, ಈಗಿನ 187(3)ನೆಯದರ ಪ್ರಕಾರ ಆ ಅವಧಿಯು ಕೆಲವು ಘೋರ ಅಪರಾಧಗಳಿಗೆ 90 ದಿನ, ಮಿಕ್ಕವಕ್ಕೆ 60 ದಿನ. ಎಣಿಕೆ ಎಂದಿನಿಂದ? ದಸ್ತಗಿರಿಯಾದ ದಿನದಿಂದ, ಮ್ಯಾಜಿಸ್ಟ್ರೇಟರು ಮೊದಲು ರಿಮಾಂಡ್ ಮಾಡಿದ ದಿನವನ್ನು ಸೇರಿಸಿ, ರಿಮಾಂಡಿನ ದಿನವನ್ನು ಬಿಟ್ಟು, ಎಂಬ ಮೂರು ಉತ್ತರಗಳು ಓದುವವನಿಗೆ ಕ್ಷುಲ್ಲಕವಾಗಿ ಕಾಣಬಹುದು. 60 ದಿನಗಳ ವರ್ಗಕ್ಕೆ ಸೇರಿದ ಆರೋಪಿಯೊಬ್ಬನನ್ನು ಮಾರ್ಚ್ 1ರ ಸಂಜೆ ಹಿಡಿದು, 24 ಗಂಟೆ ಮೀರದಂತೆ ಮಾರ್ಚ್ 2ರ ಮಧ್ಯಾಹ್ನ ಹಾಜರುಪಡಿಸಿದರೆಂದೂ, ಅಂದೇ ರಿಮಾಂಡ್ ಆಯಿತೆಂದೂ, ಮೇ 1ರ ಬೆಳಗ್ಗೆ ಅವನು ಜಾಮೀನಿನ ಅರ್ಜಿ ಹಾಕಿದನೆಂದೂ, ಅದೇ ದಿನ ಮಧ್ಯಾಹ್ನ ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸಿದರೆಂದೂ ಇಟ್ಟುಕೊಳ್ಳೋಣ. ರಿಮಾಂಡಿನ ದಿನವನ್ನು ಸೇರಿಸಿದರೆ ಮಾರ್ಚಿನಲ್ಲಿ 30, ಏಪ್ರಿಲಿನಲ್ಲಿ 30, ಹೀಗೆ 60 ದಿನಗಳು ಏಪ್ರಿಲ್ 30ಕ್ಕೆ ಮುಗಿದು, ಮೇ 1ರಂದು ಹಕ್ಕು ಹುಟ್ಟಿತು. ಬೆಳಗಿನ ಅರ್ಜಿಯೂ ಫಲಿಸಿತು. ರಿಮಾಂಡಿನ ದಿನವನ್ನು ಬಿಟ್ಟು ಎಣಿಸಿದರೆ 60ನೆಯ ದಿನ ಮೇ 1. ಆಗ ಮಧ್ಯಾಹ್ನದ ಪಟ್ಟಿ ಅವಧಿಯೊಳಗೇ ಬಂದಂತಾಗಿ, ಆರೋಪಿ ಸೆರೆಯಲ್ಲಿಯೇ ಉಳಿಯುವನು. ಬೆಳಗ್ಗೆ ಅರ್ಜಿ ಹಾಕಲು ಮರೆತು ಸಂಜೆ ಹಾಕಿದ್ದರೆ, ಎಣಿಕೆ ಅವನ ಕಡೆಗಿದ್ದರೂ ಹಕ್ಕು ಕೈಬಿಟ್ಟು ಹೋಗುತ್ತಿತ್ತು.

ಪ್ರಶ್ನೆ ಉತ್ತಮವಾದುದು, ಸಂದೇಹವಿಲ್ಲ. ಆದರೆ ಇದನ್ನು ಕೇಳುವವನಿಗೊಂದು ಹೊಣೆಯುಂಟು. ಎಣಿಕೆ ದಸ್ತಗಿರಿಯಿಂದಲ್ಲ, ರಿಮಾಂಡಿನಿಂದ ಎಂದು 1986ರಲ್ಲಿ ನಿರ್ಣಯವಾದರೂ, ಅನಂತರದ ಕೆಲವು ತೀರ್ಪುಗಳು ರಿಮಾಂಡಿನ ದಿನವನ್ನು ಬಿಟ್ಟು ಎಣಿಸಿದುವು. ಅದನ್ನು ಸೇರಿಸಿಯೇ ಎಣಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯದ ಮೂವರ ಪೀಠವು ಹೇಳಿದ್ದು 2023ರ ಮಾರ್ಚಿನಲ್ಲಿ. ಅದಕ್ಕೆ ಮುಂಚಿನ ಕೈಪಿಡಿಯ ಉತ್ತರಸೂಚಿಯನ್ನು ಇಂದಿಗೂ ಯಥಾವತ್ತಾಗಿ ಮುದ್ರಿಸುವವರು ಸರಿಯಾಗಿ ಓದಿದ ಅಭ್ಯರ್ಥಿಯನ್ನೇ ತಪ್ಪಿಗೆ ಗುರಿಮಾಡುವರು.

ಇನ್ನು ಸೋಲುವ ಪ್ರಶ್ನೆ. ಮೇಲೆ ಹೇಳಿದ 90 ದಿನಗಳ ವರ್ಗಕ್ಕೆ ಯಾವ ಅಪರಾಧಗಳು ಸೇರುವುವೆಂದು ಕೇಳಿ, ಮರಣದಂಡನೆ ಮತ್ತು ಜೀವಾವಧಿ ಶಿಕ್ಷೆಗಳನ್ನು ಎಲ್ಲ ಉತ್ತರಗಳಲ್ಲಿಯೂ ಇಟ್ಟು, ಕೊನೆಯಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಕಾರಾವಾಸ ಎಂದು ಒಂದರಲ್ಲಿಯೂ, ಹತ್ತು ವರ್ಷ ಅಥವಾ ಅದಕ್ಕೂ ಮಿಗಿಲಾದ ಕಾರಾವಾಸ ಎಂದು ಇನ್ನೊಂದರಲ್ಲಿಯೂ ಬರೆಯುವುದು ಈಚೆಗೆ ಹೊಳೆಯಬಹುದಾದ ಜಾಣತನ. ಮೊದಲನೆಯದು 1973ರ ಸಂಹಿತೆಯ ಮಾತು, ಎರಡನೆಯದು 2023ರ ಸಂಹಿತೆಯದು. ಈ ಎರಡರ ವಾಚ್ಯಾರ್ಥದ ನಡುವೆ ನಿಲ್ಲಿಸಲು ಒಬ್ಬ ಆರೋಪಿಯನ್ನಾದರೂ ಹುಡುಕಿದರೆ ಸಿಕ್ಕುವುದಿಲ್ಲ. ಇಲ್ಲಿ ತಪ್ಪಿದವನು ಕಾನೂನನ್ನು ತಪ್ಪಲಿಲ್ಲ, ಮುದ್ರಿತ ಪಾಠವನ್ನು ಮಾತ್ರ ತಪ್ಪಿದನು.

ಅದೇ ಸ್ಥಳದಲ್ಲಿ ನಿಜವಾದ ಪ್ರಶ್ನೆಯೊಂದು ಮಗ್ಗುಲಲ್ಲಿಯೇ ಇದ್ದೂ ಕೇಳುವವನ ಕಣ್ಣಿಗೆ ಬೀಳದೆ ಹೋಯಿತು. ಹತ್ತು ವರ್ಷಗಳವರೆಗೆ ವಿಸ್ತರಿಸಬಹುದಾದ ಶಿಕ್ಷೆಯುಳ್ಳ ಅಪರಾಧಕ್ಕೆ ಅವಧಿ ಎಷ್ಟು? 2017ರಲ್ಲಿ ರಾಕೇಶ್ ಕುಮಾರ್ ಪಾಲ್ ಪ್ರಕರಣದಲ್ಲಿ ಇದೇ ವಾದ ಬಂದಿತು. ನೇಮಕಾತಿಯ ಪರೀಕ್ಷೆಗಳನ್ನು ನಡೆಸುವ ಅಸ್ಸಾಮಿನ ಲೋಕಸೇವಾ ಆಯೋಗದ ಅಧ್ಯಕ್ಷಸ್ಥಾನದಲ್ಲಿದ್ದವರ ಮೇಲಣ ಭ್ರಷ್ಟಾಚಾರದ ಆರೋಪದಿಂದಲೇ ಪರೀಕ್ಷಾರ್ಥಿಗಳಿಗೆ ಇಷ್ಟು ಬೇಕಾದ ತೀರ್ಪು ಹುಟ್ಟಿದ್ದು ಒಂದು ವಿಚಿತ್ರವೇ ಸರಿ. ಕನಿಷ್ಠ ಶಿಕ್ಷೆಯೇ ಹತ್ತು ವರ್ಷವಿದ್ದಾಗ 90 ದಿನ, ಗರಿಷ್ಠ ಮಿತಿ ಮಾತ್ರ ಹತ್ತು ವರ್ಷವಿದ್ದಾಗ 60 ದಿನವೆಂದು ಮೂವರಲ್ಲಿ ಇಬ್ಬರು ನ್ಯಾಯಾಧೀಶರು ನಿರ್ಣಯಿಸಿದರು, ಮೂರನೆಯವರು ಒಪ್ಪಲಿಲ್ಲ. ಇಲ್ಲಿ ಸೆರೆಯಲ್ಲಿ 75ನೆಯ ದಿನವನ್ನು ಕಳೆಯುತ್ತಿರುವ ಮನುಷ್ಯನು ಸ್ಪಷ್ಟವಾಗಿ ಕಾಣುವನು. ಒಂದು ಅರ್ಥದಲ್ಲಿ ಅವನು ಬಿಡುಗಡೆಗೆ ಅರ್ಹ, ಇನ್ನೊಂದರಲ್ಲಿ ಅಲ್ಲ. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೇ ಭಿನ್ನವಾದ ಈ ಸ್ಥಳದಲ್ಲಿ, ಯಾವ ಸಂಹಿತೆಯ ಪಾಠ, ಯಾರ ಬಹುಮತ ಎಂಬುದನ್ನು ಪ್ರಶ್ನೆಯಲ್ಲಿಯೇ ಹೇಳದೆ ಒಂದು ನಿಮಿಷದಲ್ಲಿ ಉತ್ತರವನ್ನು ಬೇಡುವುದು ಮಾತ್ರ ಯಾವ ರೀತಿಯಿಂದಲೂ ಯುಕ್ತವಲ್ಲ.

ಮನುಷ್ಯನನ್ನು ಬಿಟ್ಟು ಪದವನ್ನೇ ನೋಡುವ ಈ ದೋಷ ಪ್ರಶ್ನೆಪತ್ರಿಕೆಯಲ್ಲಿಯೇ ನಿಲ್ಲದೆ ಓದುವ ಕ್ರಮಕ್ಕೂ ಹರಡಿರುವುದು. ‘ನಂಬಲು ಕಾರಣ’ ಕಂಡರೆ ಗುರುತು ಹಾಕು, ‘ಸಂಜ್ಞೇಯ’ವಾಗಲಿ ‘ವರದಿ’ಯಾಗಲಿ ಕಂಡರೆ ಬಿಟ್ಟುಬಿಡು, ಎಂಬ ತರಬೇತಿ ಪಡೆದವನು ನಿರೀಕ್ಷಣಾ ಜಾಮೀನಿನ ಪ್ರಶ್ನೆಯಲ್ಲಿ ಎರಡನೆಯ ಉತ್ತರವನ್ನು ಸರಿಯಾಗಿಯೇ ಆರಿಸುವನು. ಉಯಿಲಿನ ಪ್ರಕರಣ ಎದುರಿಗೆ ಬಂದಾಗ ಮಾತ್ರ ತಬ್ಬಿಬ್ಬಾಗುವನು. ಪ್ರತಿಯೊಂದು ಉತ್ತರಕ್ಕೂ ಅದರಿಂದ ಲಾಭ ಪಡೆಯುವ ಒಬ್ಬನನ್ನೂ ನಷ್ಟ ಹೊಂದುವ ಒಬ್ಬನನ್ನೂ ಕಲ್ಪಿಸಿಕೊಂಡು ಓದಿದವನಿಗೆ ಪದಗಳನ್ನು ಕಂಠಪಾಠ ಮಾಡುವ ಶ್ರಮ ಬಹಳಮಟ್ಟಿಗೆ ತಪ್ಪುವುದು.

ಆದುದರಿಂದ ಪ್ರಶ್ನೆ ರಚಿಸುವವರಲ್ಲಿ ನಾನು ಬೇಡುವುದು ಸುಲಭವಾದ ಪ್ರಶ್ನೆಗಳನ್ನಲ್ಲ. ಉತ್ತರಸೂಚಿಯಲ್ಲಿ ಒಂದು ಅಕ್ಷರವನ್ನು ಮುದ್ರಿಸಿ ಕೈತೊಳೆದುಕೊಳ್ಳುವ ಬದಲು, ಪ್ರತಿಯೊಂದು ತಪ್ಪು ಉತ್ತರದ ಎದುರಿಗೆ ಅದು ಕಾನೂನಾಗಿದ್ದರೆ ಯಾರು ಅನ್ಯಾಯವಾಗಿ ಒಳಗೆ ಉಳಿಯುತ್ತಿದ್ದರು, ಯಾರು ಸಲ್ಲದ ರಕ್ಷಣೆ ಪಡೆಯುತ್ತಿದ್ದರು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಲಿ. ಯಾವ ತೀರ್ಪಿನ ಆಧಾರದಿಂದ, ಯಾವ ವರ್ಷದವರೆಗಿನ ಕಾನೂನಿನ ಪ್ರಕಾರ ಎಂಬುದನ್ನೂ ಸೇರಿಸಲಿ. ಆ ಸಾಲನ್ನು ಬರೆಯಲು ಸಾಧ್ಯವಾಗದ ಪ್ರಶ್ನೆಯನ್ನು ಪತ್ರಿಕೆ ಅಚ್ಚಿಗೆ ಹೋಗುವ ಮುನ್ನವೇ ಹೊಡೆದುಹಾಕಲಿ.