ಗಾಜಿನ ಸಾಲಕ್ಕೆ ದೀಪದ ಜಾಮೀನು

ಬೆಂಗಳೂರಿನ ದೊಡ್ಡ ಕಚೇರಿ ಕಟ್ಟಡವೊಂದರ ಇಂಧನ ಸಂಹಿತೆಯ ಪಾಲನಾ ವರದಿಯನ್ನು ಕೈಗೆತ್ತಿಕೊಂಡವರೆಲ್ಲ ಮೊದಲು ನೋಡುವುದು ಒಂದೇ ಅಂಕಿ: ಇಪಿಐ ಅನುಪಾತ. ಕಟ್ಟಲು ಹೊರಟಿರುವ ಕಟ್ಟಡ ಚದರ ಮೀಟರಿಗೆ ವರ್ಷಕ್ಕೆ ಬಳಸುವ ಯೂನಿಟ್‌ಗಳನ್ನು, ಅದೇ ಅಳತೆಯ ಮಾದರಿ ಕಟ್ಟಡ ಬಳಸುವ ಯೂನಿಟ್‌ಗಳಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಒಂದನ್ನು ಮೀರದಿದ್ದರೆ ಪಾಸು. ಮಿಕ್ಕ ಪುಟಗಳನ್ನು ಓದುವವರು ಕಡಿಮೆ. ಆ ಒಂದು ಅಂಕಿಯೊಳಗೆ ಏನೇನು ಬೆರೆತಿದೆ ಎಂಬುದು ಮಾತ್ರ ಆ ಮಿಕ್ಕ ಪುಟಗಳಲ್ಲೇ ಇರುತ್ತದೆ.

ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯ ಇಸಿಬಿಸಿ 2017 ಸಂಹಿತೆ ಪಾಲನೆಗೆ ಮೂರು ದಾರಿ ಕೊಡುತ್ತದೆ. ಗೋಡೆ, ಗಾಜು, ದೀಪ, ಚಿಲ್ಲರ್ ಪ್ರತಿಯೊಂದೂ ತನ್ನ ಪಟ್ಟಿಯ ಮಿತಿಯೊಳಗೆ ಇರಬೇಕು ಎನ್ನುವುದು ಮೊದಲನೆಯದು. ಕಟ್ಟಡದ ಹೊರಮೈಯೊಳಗೇ, ಅಂದರೆ ಗೋಡೆ, ಛಾವಣಿ, ಕಿಟಕಿಗಳ ನಡುವೆ ಕೊಡುಕೊಳ್ಳುವಿಕೆ ಮಾಡಿಕೊಳ್ಳುವುದು ಎರಡನೆಯದು. ಈ ಎರಡರಲ್ಲೂ ಗಾಜು ಹೊರಗೋಡೆಯ ಶೇ 40ನ್ನು ದಾಟುವಂತಿಲ್ಲ. ಮೂರನೆಯದು ಇಡೀ ಕಟ್ಟಡದ ಸಿಮ್ಯುಲೇಶನ್. ಅಲ್ಲಿ ಕಡ್ಡಾಯ ನಿಯಮಗಳನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಒಂದಕ್ಕೊಂದು ಸರಿದೂಗಿಸಿಕೊಳ್ಳಬಹುದು, ಗಾಜಿನ ಮಿತಿಯೂ ಸಡಿಲವಾಗುತ್ತದೆ. ಮುಂಭಾಗವೆಲ್ಲ ಗಾಜೇ ಬೇಕೆನ್ನುವ ಕಟ್ಟಡಗಳು ಈ ಬಾಗಿಲಿಗೆ ಬರುವುದು ಸಹಜ.

ಸರಿದೂಗಿಸುವಿಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಹವೆಯಲ್ಲಿ ಗೋಡೆಗೆ ದಪ್ಪ ಇನ್ಸುಲೇಶನ್ ಹಾಕಿ ಬರುವ ಲಾಭ ಅಲ್ಪ. ಹೊರಗಿನ ತಾಪ ವರ್ಷದ ಬಹುಕಾಲ ಒಳಗಿನದಕ್ಕಿಂತ ತೀರಾ ಬೇರೆಯಾಗಿರುವುದಿಲ್ಲ. ಅಲ್ಲಿ ಉಳಿಸಿದ ಹಣವನ್ನು ಬಿಸಿಲು ತಡೆಯುವ ಗಾಜಿಗೋ ಸಜ್ಜಾಕ್ಕೋ ಹಾಕುವವನು ಜಾಣ. ನನ್ನ ತಕರಾರಿರುವುದು ಯಾವುದನ್ನು ಯಾವುದರ ಬದಲಿಗೆ ಕೊಟ್ಟರು ಎಂಬುದರ ಬಗ್ಗೆ.

ಒಂದು ಕೈಲೆಕ್ಕ ಮಾಡೋಣ. ಹನ್ನೆರಡು ಸಾವಿರ ಚದರ ಮೀಟರಿನ ಕಚೇರಿ ಎಂದಿಟ್ಟುಕೊಳ್ಳಿ. ಕಚೇರಿಗೆ ಸಂಹಿತೆ ಬಿಡುವ ದೀಪದ ಹೊರೆ ಚದರ ಮೀಟರಿಗೆ 9.5 ವ್ಯಾಟ್. ಎಲ್‌ಇಡಿ ಕಾಲದಲ್ಲಿ 6 ವ್ಯಾಟಿನೊಳಗೆ ಮುಗಿಸುವುದು ದೊಡ್ಡ ಸಾಧನೆಯೇನಲ್ಲ, ಬಹುತೇಕರು ಮಾಡುವುದೇ ಅಷ್ಟು. ಉಳಿದ 3.5 ವ್ಯಾಟ್ ಇಡೀ ಕಟ್ಟಡಕ್ಕೆ 42 ಕಿಲೋವ್ಯಾಟ್ ಆಗುತ್ತದೆ. ವರ್ಷಕ್ಕೆ 2,500 ಗಂಟೆ ದೀಪ ಉರಿದರೆ 1,05,000 ಯೂನಿಟ್ ಉಳಿತಾಯ. ದೀಪದ ಬಿಸಿ ತಗ್ಗಿದ್ದರಿಂದ ಎಸಿಗಾಗುವ ಉಳಿತಾಯ ಬೇರೆ.

ಈಗ ಗಾಜು. ಹೊರಗೋಡೆ ಒಟ್ಟು 6,000 ಚದರ ಮೀಟರ್ ಇದ್ದರೆ ಮಾದರಿ ಕಟ್ಟಡಕ್ಕೆ ಶೇ 40ರಂತೆ 2,400 ಚದರ ಮೀಟರ್ ಗಾಜು, ಅದರ ಎಸ್‌ಎಚ್‌ಜಿಸಿ 0.27. ಎಸ್‌ಎಚ್‌ಜಿಸಿ ಎಂದರೆ ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಕ್ಕೆ ನುಗ್ಗುವ ಪಾಲು. ನಮ್ಮ ಕಟ್ಟಡದ್ದು ಶೇ 65, ಅಂದರೆ 3,900 ಚದರ ಮೀಟರ್. ಗಾಜಿನ ಅಂಕಿ 0.30. ಎರಡನ್ನೂ ಗುಣಿಸಿ ಹೋಲಿಸಿದರೆ, ಬಿಸಿಲಿಗೆ ಪೂರ್ತಿ ಬಾಯ್ದೆರೆದ ರಂಧ್ರದ ಲೆಕ್ಕದಲ್ಲಿ 522 ಚದರ ಮೀಟರ್ ಹೆಚ್ಚು. ಕಚೇರಿ ನಡೆಯುವ ದಿನಗಳಲ್ಲಿ ಗೋಡೆಯ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 800 ಯೂನಿಟ್ ಬಿಸಿಲು, ಮತ್ತು ನಾಲ್ಕು ಯೂನಿಟ್ ಶಾಖ ಹೊರಹಾಕಲು ಪಂಪು, ಫ್ಯಾನು ಎಲ್ಲ ಸೇರಿ ಒಂದು ಯೂನಿಟ್ ವಿದ್ಯುತ್ ಎಂದು ಹಿಡಿದರೆ, ಖರ್ಚು ಸುಮಾರು 1,04,000 ಯೂನಿಟ್. ದೀಪದ ಉಳಿತಾಯ ಗಾಜಿನ ಸಾಲವನ್ನು ಚುಕ್ತಾ ಮಾಡಿತು. ಅನುಪಾತ ಒಂದರೊಳಗೆ ಬಂತು, ವರದಿ ಪಾಸಾಯಿತು.

ಚಿಲ್ಲರ್ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. ನೀರಿನಿಂದ ತಣಿಯುವ, 1,050 ದಾಟಿದ ಆದರೆ 1,580 ಕಿಲೋವ್ಯಾಟ್ ಮುಟ್ಟದ ಯಂತ್ರಕ್ಕೆ ಸಂಹಿತೆ ಕೇಳುವ ಸಿಒಪಿ 5.8. ಮಾರುಕಟ್ಟೆಯಲ್ಲಿ 6.5ರದ್ದು ಸಿಗುತ್ತದೆ. ಚಿಲ್ಲರ್‌ನ ಬಳಕೆಯಲ್ಲಿ ಸುಮಾರು ಶೇ 11 ಇಳಿಯಿತು, ಅದರ ಬಲದ ಮೇಲೆ ಇನ್ನಷ್ಟು ಗಾಜು ಏರಿಸಬಹುದು.

ಈ ಲೆಕ್ಕದಲ್ಲಿ ಗುಣಾಕಾರದ ತಪ್ಪಿಲ್ಲ. ಆದರೆ ಸಿಮ್ಯುಲೇಶನ್ ಲೆಕ್ಕ ಹಾಕುವುದು ಒಂದು ವರ್ಷದ್ದು, ಅದೂ ಎಲ್ಲ ಹೊಸದಾಗಿರುವ ವರ್ಷದ್ದು. ಗಾಜಿನ ಹೊರಮೈ ಒಮ್ಮೆ ಕೂತರೆ ಕಟ್ಟಡ ಇರುವ ತನಕ ಅಲ್ಲೇ ಇರುತ್ತದೆ. ಚಿಲ್ಲರ್‌ನ 6.5 ಪ್ರಯೋಗಾಲಯದ ನಿಗದಿತ ಸ್ಥಿತಿಯಲ್ಲಿ ಅಳೆದದ್ದು. ಬೋರ್‌ವೆಲ್‌ನದೋ ಟ್ಯಾಂಕರಿನದೋ ಗಡಸು ನೀರು ಕೂಲಿಂಗ್ ಟವರಿಗೆ ಹೋಗುವಲ್ಲಿ ಕಂಡೆನ್ಸರ್ ಕೊಳವೆಗಳೊಳಗೆ ಸುಣ್ಣದ ಪದರ ಕಟ್ಟುತ್ತದೆ. ಶೀತಕ ದ್ರವವಾಗುವ ತಾಪಕ್ಕೂ ಹೊರಹೋಗುವ ನೀರಿನ ತಾಪಕ್ಕೂ ಇರುವ ಅಂತರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಅದೇ ಗುರುತು. ನೀರಿನ ಸಂಸ್ಕರಣೆ ಸರಿಯಿಲ್ಲದ ಕಡೆ 6.5 ಕಾಗದದಲ್ಲೇ ಉಳಿಯುತ್ತದೆ.

ದೀಪದ ಕತೆ ಇನ್ನೂ ಸಡಿಲು. ನಮ್ಮ ಟೆಕ್ ಪಾರ್ಕ್‌ಗಳಲ್ಲಿ ಕಟ್ಟುವವನು ಒಬ್ಬ, ಒಳಗೆ ಸೀಲಿಂಗ್ ಹಾಕಿಸಿ ದೀಪ ಜೋಡಿಸುವ ಬಾಡಿಗೆದಾರ ಇನ್ನೊಬ್ಬ. ವರದಿಯಲ್ಲಿ 6 ವ್ಯಾಟ್ ಎಂದು ಬರೆಯುವ ಹೊತ್ತಿಗೆ ಒಳಗೆ ಬರೀ ಕಾಂಕ್ರೀಟ್ ಸ್ಲ್ಯಾಬ್ ಇರುತ್ತದೆ. ಬಾಡಿಗೆದಾರನ ವಿನ್ಯಾಸಕ ಬಂದು ಸ್ವಾಗತ ಕಕ್ಷೆಗೆ ತೂಗುದೀಪ, ಮೀಟಿಂಗ್ ರೂಮಿನ ಅಂಚಿಗೆ ಪಟ್ಟಿದೀಪ ಸೇರಿಸಿದ ಮೇಲೆ ಆ 6 ಎಷ್ಟಾಯಿತು ಎಂದು ಮತ್ತೆ ಕೂಡುವವರಿಲ್ಲ. ಆ ಅಂಕಿಯನ್ನು ನಂಬಬಹುದೇ ಎಂದು ತಿಳಿಯಲು ವರದಿಯಲ್ಲಿ ದೀಪಗಳ ಪಟ್ಟಿ ಹುಡುಕಿ: ಯಾವ ಬಗೆಯದು ಎಷ್ಟು, ಒಂದೊಂದಕ್ಕೆ ಡ್ರೈವರ್ ಸೇರಿ ಎಷ್ಟು ವ್ಯಾಟ್. 18 ವ್ಯಾಟಿನ ಪ್ಯಾನೆಲ್ ಡ್ರೈವರ್ ಸಮೇತ 20 ಎಳೆಯುತ್ತಿದ್ದರೆ ಪಟ್ಟಿಯಲ್ಲಿ 20 ಇರಬೇಕು. ಪಟ್ಟಿಯೇ ಇಲ್ಲದೆ ನೇರವಾಗಿ 6 ಎಂದಿದ್ದರೆ ಅದು ಬರಿಯ ಆಶ್ವಾಸನೆ, ಅದರ ಜಾಮೀನಿನ ಮೇಲೆ 1,500 ಚದರ ಮೀಟರ್ ಹೆಚ್ಚುವರಿ ಗಾಜು ನಿಂತಿದೆ.

ಗಾಜಿನ ಪುಟದಲ್ಲೂ ನೋಡಲು ಎರಡು ಜಾಗಗಳಿವೆ. ಒಂದು ಉತ್ತರ ದಿಕ್ಕು. 15 ಡಿಗ್ರಿ ಅಕ್ಷಾಂಶದಲ್ಲಿ ಮತ್ತು ಅದರ ಮೇಲಿರುವ ಊರುಗಳಿಗೆ ಉತ್ತರದ ಗಾಜಿನ ಎಸ್‌ಎಚ್‌ಜಿಸಿ 0.50ರವರೆಗೆ ಇರಬಹುದು, ಅದರ ಕೆಳಗಿನವಕ್ಕೆ ಉತ್ತರದಲ್ಲೂ 0.27. ಬೆಂಗಳೂರು ಇರುವುದು 13ರ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಇಲ್ಲಿ ಉತ್ತರಕ್ಕೆ ವಾಲಿರುತ್ತಾನೆ, ಆದ್ದರಿಂದ ಈ ಬಿಗಿ. ಬೆಂಗಳೂರಿನ ವರದಿಯಲ್ಲಿ ಮಾದರಿ ಕಟ್ಟಡದ ಉತ್ತರಕ್ಕೆ 0.50 ಕಂಡರೆ ದೆಹಲಿಯ ಫೈಲನ್ನು ಊರ ಹೆಸರು ಬದಲಿಸಿ ಬಳಸಿದ್ದಾರೆಂದೇ ಅರ್ಥ, ಮತ್ತು ಮಾದರಿ ಕಟ್ಟಡ ಹೆಚ್ಚು ವಿದ್ಯುತ್ ಉಂಡಷ್ಟೂ ನಮ್ಮದು ಸುಲಭವಾಗಿ ಪಾಸಾಗುತ್ತದೆ. ಇನ್ನೊಂದು ಚೌಕಟ್ಟು. ಗಾಜಿನ ಯು ಮೌಲ್ಯವನ್ನು ಫ್ರೇಮ್ ಸೇರಿಸಿ ಕೊಡಬೇಕು. ವರದಿಯ ಅಂಕಿ ಗಾಜಿನ ಕಂಪನಿಯ ಕೈಪಿಡಿಯ ಅಂಕಿಗೆ ದಶಮಾಂಶ ಸಮೇತ ಹೊಂದಿದರೆ, ಅಲ್ಯೂಮಿನಿಯಂ ಫ್ರೇಮನ್ನು ಮರೆತಿದ್ದಾರೆ. ನಮ್ಮ ಹವೆಯಲ್ಲಿ ಇದು ದೊಡ್ಡ ನಷ್ಟವಲ್ಲ ನಿಜ, ಆದರೆ ಇಷ್ಟನ್ನು ನೋಡದವರು ಉಳಿದದ್ದನ್ನೂ ನೋಡಿರಲಾರರು.

ಗಾಜಿನ ಪರ ವಾದಿಸುವವರು ಹಗಲ ಬೆಳಕಿನ ಮಾತು ತೆಗೆಯುತ್ತಾರೆ. ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಗಾಜಿನ ಪಕ್ಕ ಕೂತವರು ಬ್ಲೈಂಡ್ ಇಳಿಸಿ, ಮೇಲೆ ದೀಪ ಹಾಕಿಕೊಂಡೇ ಕೆಲಸ ಮಾಡುವುದನ್ನು ಯಾವ ಟೆಕ್ ಪಾರ್ಕ್‌ನಲ್ಲಾದರೂ ಹೊರಗಿನಿಂದಲೇ ನೋಡಬಹುದು.

ಅಮೆರಿಕದ ಆಶ್ರೇ 90.1ರ 2022ರ ಆವೃತ್ತಿ ಇಂಥ ಸರಿದೂಗಿಸುವಿಕೆಗೊಂದು ಬೇಲಿ ಹಾಕಿದೆ: ದೀಪ, ಯಂತ್ರಗಳಲ್ಲಿ ಎಷ್ಟೇ ಉಳಿಸಿದರೂ ಹೊರಮೈ ಒಂದು ಮಿತಿಗಿಂತ ಕೆಳಗಿಳಿಯುವಂತಿಲ್ಲ. ನಮ್ಮ ವರದಿಗಳನ್ನು ಪರಿಶೀಲಿಸುವವರು ಅಂಥ ನಿಯಮಕ್ಕೆ ಕಾಯಬೇಕಿಲ್ಲ, ಒಂದು ಪುಟ ಹೆಚ್ಚಿಗೆ ಕೇಳಿದರೆ ಸಾಕು. ಕಟ್ಟಲಿರುವ ಹೊರಮೈಯನ್ನು ಹಾಗೇ ಇಟ್ಟು, ದೀಪ ಮತ್ತು ಚಿಲ್ಲರ್‌ಗೆ ಮಾದರಿ ಕಟ್ಟಡದ ಅಂಕಿಗಳನ್ನೇ ಹಾಕಿ ಸಿಮ್ಯುಲೇಶನ್ ಮತ್ತೊಮ್ಮೆ ಓಡಿಸಬೇಕು. ಮಾದರಿ ಆಗಲೇ ತಯಾರಿರುವುದರಿಂದ ಅದೇನು ಹೆಚ್ಚಿನ ಕೆಲಸವಲ್ಲ. ಮೇಲಿನ ಕಟ್ಟಡದ ಆ ಪುಟದಲ್ಲಿ, ವರ್ಷಕ್ಕೆ ಲಕ್ಷಕ್ಕೂ ಮೀರಿದ ಯೂನಿಟ್‌ಗಳ ಕೊರತೆ ಎಂದು ಬರುತ್ತದೆ.