ಅಳು ಮಗಳದು, ಮಾತು ಅಪ್ಪನದು

ಸಿಂಧನೂರಿನ ಯಾವುದೇ ಕಲ್ಯಾಣ ಮಂಟಪದಲ್ಲಿ ಸಂಜೆ ಹೊತ್ತು ನಿಂತರೆ ಮಗಳನ್ನು ಕಳಿಸುವ ಗಳಿಗೆ ಕಿವಿಗೇ ಗೊತ್ತಾಗುತ್ತದೆ. ಅಷ್ಟೊತ್ತು ಕುಣಿಸುತ್ತಿದ್ದ ಬ್ಯಾಂಡು ಥಟ್ಟನೆ ನಿಧಾನಕ್ಕೆ ಇಳಿಯುತ್ತದೆ. ಕ್ಲಾರಿನೆಟ್ಟಿನಲ್ಲಿ ‘ಬಾಬುಲ್ ಕಿ ದುವಾಯೇಂ’ ಶುರುವಾಗುತ್ತದೆ. ‘ನೀಲ್ ಕಮಲ್’ 1968ರ ಚಿತ್ರ. ಸಾಹಿರ್ ಬರೆದು, ರವಿ ರಾಗ ಹಾಕಿ, ರಫಿ ಹಾಡಿದ್ದು. ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಉರ್ದು ಹೊಸದಲ್ಲ, ಅರ್ಥ ತಿಳಿಯದವರಿಗೂ ಧಾಟಿ ತಿಳಿಯುತ್ತದೆ. ಡಿಜೆ ಇದ್ದರೆ ‘ತವರಿಗೆ ಬಾ ತಂಗಿ’ಯಂಥ ಚಿತ್ರಗಳ ಹಾಡು ಬರುತ್ತದೆ. ಹಾಡು ಬಂದ ಕೂಡಲೇ ಎಲ್ಲರ ಕಣ್ಣೂ ತುಂಬುತ್ತವೆ.

ಈ ಹಾಡುಗಳು ಕೆಟ್ಟವಲ್ಲ. ರಫಿಯ ದನಿಯಲ್ಲಿ ಆ ಗಂಟಲು ಕಟ್ಟಿದ ತಂದೆ ಸುಳ್ಳಲ್ಲ. ನನ್ನ ತಕರಾರು ಬೇರೆ. ಇವುಗಳಲ್ಲಿ ಮಾತಾಡುವವನು ಅಪ್ಪ, ಇಲ್ಲವೇ ಅಣ್ಣ. ಮನೆ ಬಿಟ್ಟು ಹೋಗುವವಳು ಮಾತ್ರ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಅವಳ ಪಾಲಿಗೆ ಇರುವುದು ಅಳು ಒಂದೇ, ಮಾತಿಲ್ಲ. ಕಳಿಸುವ ಹಾಡನ್ನು ತೂಗುವಾಗ ನಾನು ಮೊದಲು ಕೇಳುವುದು ಇದನ್ನೇ: ಇಲ್ಲಿ ಬಾಯಿ ಬಿಡುವವರು ಯಾರು, ಯಾರ ಮುಖ ನೋಡಿ?

ಹಳೆಯ ಸೋಬಾನ ಪದಗಳಲ್ಲಿ ಬಾಯಿ ಬಿಡುವವರು ಹೆಂಗಸರು. ಮಗಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಉತ್ತತ್ತಿ, ಎಲೆ ಅಡಿಕೆ ತುಂಬಿ, ಅವಳ ಕೈಯನ್ನು ಅತ್ತೆಯ ಕೈಗೆ ಕೊಡುವಾಗ ಒಬ್ಬಾಕಿ ಎತ್ತಿಕೊಡುತ್ತಾಳೆ, ಉಳಿದವರು ಹಿಂದೆ ಹೇಳುತ್ತಾರೆ. ಹೆಚ್ಚಿನವು ತ್ರಿಪದಿ. ಮೂರೇ ಸಾಲು, ಮೂರನೆಯದು ಗಿಡ್ಡ. ಹಾಡುವಾಗ ಎರಡನೆಯ ಸಾಲಿನ ತುಂಡನ್ನು ಮತ್ತೆ ಎತ್ತಿಕೊಳ್ಳುವುದರಿಂದ ಎತ್ತಿಕೊಡುವಾಕಿಗೆ ಮುಂದಿನ ಮಾತು ಹೊಂದಿಸಿಕೊಳ್ಳಲು ಒಂದು ಉಸಿರಿನ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲೇ ಈ ಮನೆಯ ಎಮ್ಮೆ, ಈ ಅಂಗಳದ ಬೇವಿನ ಗಿಡ, ಈ ತಾಯಿಯ ಹೆಸರು ಪದದೊಳಗೆ ಬಂದು ಕೂಡುತ್ತವೆ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದು ಕೃಷ್ಣೆಯ ಆಚೆ ದಂಡೆಯ ಇಂಥ ಪದಗಳನ್ನು ಉಳಿಸಿದರು. ಆದರೆ ಆ ಬಿಡುವು ಪುಸ್ತಕಕ್ಕೆ ಬರುವಂಥದ್ದಲ್ಲ.

ಸೋಬಾನದಲ್ಲೂ ನನಗೆ ಒಪ್ಪಿಗೆಯಾಗದ ಒಂದು ಭಾಗವಿದೆ. ಒಪ್ಪಿಸುವ ಪದಗಳು ಬಹುಬೇಗ ಬುದ್ಧಿಮಾತಿಗೆ ಇಳಿಯುತ್ತವೆ: ಅತ್ತೆ ಬೈದರೆ ಎದುರಾಡಬೇಡ, ನಾದಿನಿ ಅಂದರೆ ನುಂಗಿಕೋ, ತವರಿನ ಹೆಸರು ಕೆಡಿಸಬೇಡ. ಬೀಗರಿಗೆ ಬೇಡಿಕೆ, ಮಗಳಿಗೆ ತಾಕೀತು. ಎಮ್ಮೆ, ಬೇವಿನ ಗಿಡ ಬಂದಾಗ ಜೀವ ತುಂಬಿದ್ದ ಪದ ಇಲ್ಲಿ ಸಪ್ಪಗಾಗುತ್ತದೆ. ಯಾವ ಮನೆಯಲ್ಲಾದರೂ, ಯಾವ ಮಗಳಿಗಾದರೂ ಹಾಡಬಹುದಾದ ಮಾತು ಅದು.

ಇದೇ ಸೀಮೆಯಲ್ಲಿ ಮಗಳೇ ಹಾಡುವ ಪದ್ಧತಿಯೂ ಇದೆ. ಲಿಂಗಸುಗೂರು, ಮಸ್ಕಿ ಭಾಗದ ಲಂಬಾಣಿ ತಾಂಡಾಗಳ ಕಡೆ ಕಿವಿ ಕೊಡಬೇಕು. ಅಲ್ಲಿ ಮದುಮಗಳು ಹೊರಡುವಾಗ ಹಾಡಿ ಅಳುವುದಕ್ಕೆ ಢಾವಲೋ ಎನ್ನುತ್ತಾರೆ. ಮದುವೆ ಗೊತ್ತಾದ ಮೇಲೆ ತಾಂಡಾದ ಹಿರಿಯ ಹೆಂಗಸರು ಹುಡುಗಿಯನ್ನು ಕೂರಿಸಿಕೊಂಡು ಕಲಿಸುತ್ತಿದ್ದ ವಿದ್ಯೆ ಇದು. ಅಳುವುದನ್ನೂ ಕಲಿಸುತ್ತಾರೆಯೇ ಎಂದು ಹೊರಗಿನವರು ಹುಬ್ಬೇರಿಸುತ್ತಾರೆ. ಕಲಿಸುತ್ತಿದ್ದದ್ದು ಅಳುವನ್ನಲ್ಲ, ಅಳುತ್ತಲೇ ಮಾತು ತಪ್ಪದಂತೆ ನಡೆಸುವ ಬಗೆಯನ್ನು.

ಅದು ನಡೆಯುವುದು ಹೀಗೆ. ಹುಡುಗಿ ಸೆರಗು ಮುಸುಕೆಳೆದು ಒಬ್ಬೊಬ್ಬರ ಕೊರಳಿಗೂ ಬೀಳುತ್ತಾಳೆ. ಯಾಡಿ ಎಂದು ತಾಯಿಯನ್ನು, ಬಾಪು ಎಂದು ತಂದೆಯನ್ನು ಕರೆದು, ಆಮೇಲೆ ಅಣ್ಣತಮ್ಮಂದಿರು, ಅತ್ತಿಗೆ, ಜೊತೆಗಾತಿಯರು. ಪ್ರತಿಯೊಬ್ಬರಿಗೂ ಅವರದೇ ನುಡಿ. ಸಾಲು ಎತ್ತರದಲ್ಲಿ ಹುಟ್ಟಿ ಮೆಲ್ಲಗೆ ಕೆಳಗಿಳಿಯುತ್ತದೆ, ಕೊನೆಯ ಸ್ವರ ಎಳೆದು ಬಿಕ್ಕಿನಲ್ಲಿ ಮುರಿಯುತ್ತದೆ. ಬಿಕ್ಕು ಬೀಳುವುದು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ. ತಾಳ ಕೊಡುವ ವಾದ್ಯ ಇಲ್ಲದಿದ್ದರೂ ನಡೆ ಕೆಡದಿರುವುದು ಇದರಿಂದ. ದುಃಖ ಮೀರಿ ಬಿಕ್ಕು ಮಾತಿನ ನಡುವೆಯೇ ಬಂದರೆ, ತಬ್ಬಿಕೊಂಡ ಹೆಂಗಸು ಸಾಲನ್ನು ತಾನು ಎತ್ತಿಕೊಂಡು ಮುಗಿಸಿಕೊಡುತ್ತಾಳೆ. ಹೀಗಾಗಿ ಕೇಳುವವರೂ ಬರೀ ಕೇಳುವವರಾಗಿ ಉಳಿಯುವುದಿಲ್ಲ.

ಇದರ ನಂತರ ಹವೇಲಿ. ಅಲಂಕರಿಸಿದ ಎತ್ತಿನ ಬೆನ್ನ ಮೇಲೆ ಮದುಮಗಳು ನಿಂತು, ಕೈಯೆತ್ತಿ, ತಾನು ಬಿಟ್ಟುಹೋಗುವ ಮನೆಗೂ ತಾಂಡಾಕ್ಕೂ ಒಳ್ಳೆಯದಾಗಲಿ ಎಂದು ಹಾಡುವುದು. ಢಾವಲೋದಲ್ಲಿ ಒಬ್ಬೊಬ್ಬರ ಕೊರಳಿಗೆ ಬಿದ್ದು ಅತ್ತವಳು ಇಲ್ಲಿ ಇಡೀ ಊರಿಗೆ ಕಾಣುವಷ್ಟು ಎತ್ತರದಲ್ಲಿ ನಿಂತಿರುತ್ತಾಳೆ. ಮಿಕ್ಕ ಕಡೆ ಹರಕೆ ಕೊಡುವವರು ಹಿರಿಯರು, ಇಲ್ಲಿ ಕೊಡುವವಳು ಹೊರಟುಹೋಗುವ ಹುಡುಗಿ. ನಮ್ಮ ಸೀಮೆಯ ಮದುವೆಯ ಹಾಡುಗಳಲ್ಲಿ ಇಷ್ಟು ಧೈರ್ಯದ ಜಾಗ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಹಿಂದಿನ ಅಳುವಿನಿಂದಲೇ ಈ ಹರಕೆಗೆ ತೂಕ ಬಂದಿರುತ್ತದೆ, ಹವೇಲಿಯೊಂದನ್ನೇ ವೇದಿಕೆಯಲ್ಲಿ ಹಾಡಿಸಿದರೆ ಆ ತೂಕ ಇರುವುದಿಲ್ಲ.

ಎಲ್ಲ ಢಾವಲೋವೂ ಚೆನ್ನಾಗಿರುತ್ತದೆ ಎನ್ನಲಾರೆ. ಬಾಯಿಪಾಠದ ಸಾಲು ಒಂದೇ ಇದ್ದು, ಅಪ್ಪನಿಗೆ ಹೇಳಿದ್ದನ್ನೇ ಹೆಸರು ಬದಲಿಸಿ ಚಿಕ್ಕಪ್ಪನಿಗೂ ಹೇಳಿದರೆ ಅದು ಕೂಡಲೇ ತಿಳಿಯುತ್ತದೆ. ತಬ್ಬಿದವರ ಕೈ ಬೇಗ ಸಡಿಲಾಗುತ್ತದೆ. ಅದೇ, ಸುಗ್ಗಿಗೆ ಹೋದ ವರ್ಷ ತಮ್ಮನನ್ನು ಸೊಂಟದಲ್ಲಿ ಹೊತ್ತದ್ದು, ಜೊತೆಗಾತಿಯ ಸಂಗಡ ನೀರಿಗೆ ಹೋದ ದಾರಿ ಒಂದು ಸಾಲಿನಲ್ಲಿ ಬಂದರೆ ಸುತ್ತ ನಿಂತವರ ಮಾತು ನಿಲ್ಲುತ್ತದೆ. ಇಷ್ಟು ಬೇಗ ನನ್ನನ್ನು ಭಾರವೆಂದುಕೊಂಡಿರಾ ಎಂಬ ದೂರನ್ನೂ ಈ ಹಾಡು ತಾಳಿಕೊಳ್ಳುತ್ತದೆ. ಸೋಬಾನದ ಬುದ್ಧಿಮಾತಿನಲ್ಲಿ ಆ ದೂರಿಗೆ ಎಡೆಯಿಲ್ಲ.

ತುಂಗಭದ್ರಾ ಕಾಲುವೆಯ ನೀರಿನ ಹಿಂದೆ ಬಂದ ತೆಲುಗರ ಕ್ಯಾಂಪುಗಳಲ್ಲಿ ಮಗಳನ್ನು ಕಳಿಸುವ ಶಾಸ್ತ್ರಕ್ಕೆ ಅಪ್ಪಗಿಂತಲು ಎನ್ನುತ್ತಾರೆ. ಮಗಳ ಅಂಗೈಯನ್ನು ಹಾಲಿನಲ್ಲಿ ಅದ್ದಿ ಅತ್ತೆ ಮಾವಂದಿರ ಕೈಗೆ ಒಪ್ಪಿಸುವುದು. ನೋಡುವುದಕ್ಕೆ ಬಲು ಚಂದ. ಹಾಡಿನ ಮಾತು ಮಾತ್ರ ಅಲ್ಲೂ ಕೊಡುವವರದು.

ಢಾವಲೋ ಈಗ ಕಡಿಮೆಯಾಗುತ್ತಿರುವುದಕ್ಕೆ ಹುಡುಗಿಯರು ಓದಿದ್ದು ಕಾರಣ ಎಂದು ಬೈಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮದುವೆ ಅಂಗಳದಿಂದ ಮಂಟಪಕ್ಕೆ ಹೋಯಿತು, ಸಾಮೂಹಿಕ ವಿವಾಹದ ಪೆಂಡಾಲಿಗೆ ಹೋಯಿತು. ಬಿಟ್ಟುಹೋಗುವ ಹೊಸ್ತಿಲೇ ಅಲ್ಲಿಲ್ಲ. ಮಂಟಪ ಖಾಲಿ ಮಾಡಬೇಕು, ಕ್ರೂಸರ್ ಡ್ರೈವರು ಹಾರ್ನ್ ಒತ್ತುತ್ತಾನೆ. ಒಬ್ಬೊಬ್ಬರ ಕೊರಳಿಗೂ ಬೀಳಲು ಬೇಕಾದ ಹೊತ್ತು ಎಲ್ಲಿಂದ ಬರಬೇಕು? ಎರಡು ನಿಮಿಷದಲ್ಲಿ ಅಳಿಸಿ ಮುಗಿಸುವ ಕೆಲಸಕ್ಕೆ ಸಿನಿಮಾ ಹಾಡೇ ಅನುಕೂಲ.

ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತಿದೆ. ಹುಡುಗಿ ಢಾವಲೋ ಹಾಡಿದ ಮದುವೆಯಲ್ಲೂ ವಿಡಿಯೋದವರು ಎಡಿಟಿಂಗ್‌ನಲ್ಲಿ ಆ ಭಾಗದ ಸದ್ದು ತೆಗೆದು, ಮೇಲೆ ರಫಿಯನ್ನೋ ಕನ್ನಡ ಸಿನಿಮಾ ಹಾಡನ್ನೋ ಕೂರಿಸಿಬಿಡುತ್ತಾರೆ. ತೆರೆಯ ಮೇಲೆ ಹುಡುಗಿಯ ತುಟಿ ಆಡುತ್ತದೆ, ಕೇಳುವುದು ಬೇರೆ ಅಪ್ಪನ ದನಿ. ಮದುವೆಯ ವಿಡಿಯೋ ಮಾಡಿಸುವವರು ಮುಂಗಡ ಕೊಡುವಾಗಲೇ ಹೇಳಬೇಕು: ಮಿಕ್ಕ ಕಡೆ ಯಾವ ಹಾಡನ್ನಾದರೂ ಹಾಕಿ, ಕಳಿಸುವ ಹೊತ್ತಿನ ಸದ್ದನ್ನು ಮಾತ್ರ ಇದ್ದ ಹಾಗೇ ಬಿಡಿ. ಮೈಕನ್ನು ಹುಡುಗಿಯ ಹತ್ತಿರ ಹಿಡಿಯಿರಿ, ಬ್ಯಾಂಡಿನ ಹತ್ತಿರ ಅಲ್ಲ.